ಪರದೆಯ ಮೇಲೆ 63 ರೂಪಾಯಿ, ಪುಸ್ತಕದಲ್ಲಿ 651 ರೂಪಾಯಿ

ಓದುಗರ ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಮನೆಯಿಂದಲೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ವಾಟ್ಸಾಪ್‌ನಲ್ಲಿ ಆರ್ಡರ್ ತೆಗೆದುಕೊಂಡು ಮಾರುತ್ತೇನೆ. ನವೆಂಬರ್ ತಿಂಗಳಿಡೀ ದಿನಕ್ಕೆ 300 ರೂಪಾಯಿಯಂತೆ ಇನ್‌ಸ್ಟಾಗ್ರಾಮ್ ಜಾಹೀರಾತು ಹಾಕಿದೆ. 142 ಜನ ಮೆಸೇಜ್ ಮಾಡಿದರು, 31 ಜನ ಆರ್ಡರ್ ಕೊಟ್ಟರು. ಮೊಬೈಲಿನಲ್ಲಿ ಒಂದಕ್ಕೆ 63 ರೂಪಾಯಿ ಬಿತ್ತು ಅಂತ ತೋರಿಸುತ್ತದೆ. ಪೋಸ್ಟರ್ ಮಾಡಿಕೊಟ್ಟ ಹುಡುಗ, ಇದು ಬಹಳ ಅಗ್ಗ, ದುಡ್ಡು ಎರಡು ಪಟ್ಟು ಹಾಕಿ, ಜಾಹೀರಾತು ಇನ್ನೂ ಕಲಿಯುತ್ತಿದೆ ಅನ್ನುತ್ತಾನೆ. ಮನೆಯವರು ನಿಲ್ಲಿಸು ಅನ್ನುತ್ತಾರೆ. ಕೈಯಲ್ಲಂತೂ ಏನೂ ಉಳಿದಿಲ್ಲ. ಯಾರ ಮಾತು ಸರಿ? ನಿಲ್ಲಿಸುವುದಾದರೆ ಯಾವಾಗ ಎಂದು ಹೇಗೆ ತಿಳಿಯುವುದು?

ಉತ್ತರ: ನೀವು ಪ್ರಶ್ನೆಯ ಜೊತೆಗೆ ಆರ್ಡರ್ ಪುಸ್ತಕದ ಪುಟಗಳನ್ನೂ ಜಾಹೀರಾತಿನ ವರದಿಯನ್ನೂ ಕಳುಹಿಸಿದ್ದರಿಂದ ಈ ಲೆಕ್ಕವನ್ನು ಊಹೆಯಿಲ್ಲದೆ ಮಾಡಲು ಸಾಧ್ಯವಾಯಿತು. ಪುಣೆಯಲ್ಲಿ ಸಣ್ಣ ವ್ಯಾಪಾರಗಳ ಲೆಕ್ಕಪತ್ರ ನೋಡುವ ನನ್ನ ಬಳಿಗೆ ಇಂಥ ಪ್ರಶ್ನೆ ತರುವವರಲ್ಲಿ ಹೆಚ್ಚಿನವರ ಬಳಿ ಪರದೆಯ ವರದಿ ಮಾತ್ರ ಇರುತ್ತದೆ, ಪುಸ್ತಕ ಇರುವುದಿಲ್ಲ. ನಿಮ್ಮ ಬಳಿ ಎರಡೂ ಇವೆ. ಆ ಎರಡೂ ಬೇರೆ ಬೇರೆ ಮಾತು ಹೇಳುತ್ತಿವೆ.

ಮೊದಲು ಆ 63 ರೂಪಾಯಿ ಏನೆಂದು ನೋಡೋಣ. ಪರದೆಯ ಮೇಲೆ `Cost per result` ಎಂದು ಕಾಣುವ ಅಂಕಣದಲ್ಲಿ `result` ಎಂದರೆ ನೀವು ಜಾಹೀರಾತು ಹಾಕುವಾಗ ಏನನ್ನು ಆರಿಸಿಕೊಂಡಿರೋ ಅದು. ನೀವು ಆರಿಸಿದ್ದು ವಾಟ್ಸಾಪ್ ಸಂದೇಶ. ಆದ್ದರಿಂದ 9,000 ರೂಪಾಯಿಯನ್ನು 142 ಸಂದೇಶಗಳಿಗೆ ಹಂಚಿ, ಒಂದು ಸಂದೇಶಕ್ಕೆ 63 ರೂಪಾಯಿ ಎಂದು ಅದು ತೋರಿಸುತ್ತಿದೆ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದು ಗ್ರಾಹಕರ ಲೆಕ್ಕವಲ್ಲ. ಯಾರು ದುಡ್ಡು ಕೊಟ್ಟರು, ಯಾರು ಬರೇ ಬೆಲೆ ಕೇಳಿ ಸುಮ್ಮನಾದರು ಎಂಬುದು ನಿಮ್ಮ ವಾಟ್ಸಾಪ್ ಮಾತುಕತೆಯೊಳಗೆ ನಡೆಯುವ ಸಂಗತಿಯಾದ್ದರಿಂದ, ಜಾಹೀರಾತು ನಡೆಸುವ ವ್ಯವಸ್ಥೆಗೆ ಅದು ಕಾಣುವುದೂ ಇಲ್ಲ.

ನಿಜವಾದ ವೆಚ್ಚವನ್ನು ತಿಳಿಯಬೇಕಾದರೆ ಭಾಗಾಕಾರದ ಎರಡೂ ಕಡೆಯನ್ನು ತಿದ್ದಬೇಕು. ಮೇಲಿನ ಸಂಖ್ಯೆ 9,000 ಅಲ್ಲ. ಜಾಹೀರಾತಿನ ಹಣದ ಮೇಲೆ ಶೇಕಡಾ 18ರ ಜಿಎಸ್‌ಟಿ ಬೀಳುತ್ತದೆ. ನಿಮಗೆ ನೋಂದಣಿ ಇಲ್ಲದ್ದರಿಂದ ಆ 1,620 ರೂಪಾಯಿ ಹಿಂದಿರುಗುವುದಿಲ್ಲ, ಅದು ವೆಚ್ಚವೇ. ಎರಡು ಪೋಸ್ಟರಿಗೆ ಕೊಟ್ಟ 1,500 ರೂಪಾಯಿಯೂ ಸೇರಬೇಕು. ಜಾಹೀರಾತು ನೋಡಿ ಬಂದವರಿಗೆ ಮೊದಲ ಆರ್ಡರಿನಲ್ಲಿ 50 ರೂಪಾಯಿ ಬಿಟ್ಟಿದ್ದೀರಿ. 31 ಜನರಿಗೆ ಅದು 1,550 ರೂಪಾಯಿ. ಅಲ್ಲಿಗೆ ಒಟ್ಟು 13,670 ರೂಪಾಯಿ.

ಕೆಳಗಿನ ಸಂಖ್ಯೆ 142 ಅಲ್ಲ, 31 ಕೂಡ ಅಲ್ಲ. ಆರ್ಡರ್ ಪುಸ್ತಕದಲ್ಲಿ ಹೆಸರುಗಳನ್ನು ಹಿಂದಿನ ಪುಟಗಳೊಂದಿಗೆ ಹೋಲಿಸಿದಾಗ, ಅವರಲ್ಲಿ ಆರು ಜನ ಮೊದಲೇ ನಿಮ್ಮಿಂದ ಕೊಳ್ಳುತ್ತಿದ್ದವರು ಎಂದು ಕಂಡಿತು. ಜಾಹೀರಾತು ಅವರಿಗೆ ನೆನಪು ಮಾಡಿಕೊಟ್ಟಿತು ಅಷ್ಟೆ. ಇಂದಲ್ಲ ನಾಳೆ ಅವರು ಹೇಗೂ ರೊಟ್ಟಿ ತರಿಸುತ್ತಿದ್ದರು. ಇನ್ನು ನಾಲ್ಕು ಹೆಸರುಗಳ ಮುಂದೆ ನೀವೇ, ಪರಿಚಯದವರು ನಂಬರ್ ಕೊಟ್ಟರು ಎಂದು ಗುರುತು ಹಾಕಿಕೊಂಡಿದ್ದೀರಿ. ಈ ಹತ್ತು ಜನರನ್ನು ಬಿಟ್ಟರೆ ಜಾಹೀರಾತಿನಿಂದಲೇ ಬಂದ ಹೊಸ ಗ್ರಾಹಕರು 21. 13,670ನ್ನು 21ರಿಂದ ಭಾಗಿಸಿದರೆ ಒಬ್ಬರಿಗೆ ಸುಮಾರು 651 ರೂಪಾಯಿ. ಪರದೆಯ ಅಂಕಿಗಿಂತ ಹತ್ತು ಪಟ್ಟು ಹೆಚ್ಚು.

ಇದರಲ್ಲಿ ನಿಮ್ಮ ಸಮಯವನ್ನು ನಾನು ಸೇರಿಸಿಲ್ಲ. ಒಂದೊಂದು ಸಂದೇಶಕ್ಕೆ ಹತ್ತು ನಿಮಿಷವೆಂದರೂ 142 ಸಂದೇಶಗಳಿಗೆ ಹೆಚ್ಚುಕಡಿಮೆ 24 ಗಂಟೆಗಳಾದವು. ಅಷ್ಟು ಹೊತ್ತಿನಲ್ಲಿ ಎಷ್ಟು ರೊಟ್ಟಿ ಬಡಿಯಬಹುದು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

651 ರೂಪಾಯಿ ಹೆಚ್ಚೋ ಕಡಿಮೆಯೋ ಎಂಬುದನ್ನು ಅದೊಂದೇ ಅಂಕಿಯಿಂದ ಹೇಳಲಾಗದು. ಒಬ್ಬ ಗ್ರಾಹಕರಿಂದ ನಿಮಗೆ ಉಳಿಯುವುದೆಷ್ಟು ಎಂಬುದರ ಪಕ್ಕದಲ್ಲಿಟ್ಟರೆ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ನಿಮ್ಮ ಸಾಮಾನ್ಯ ಆರ್ಡರ್ 550 ರೂಪಾಯಿಯ ಡಬ್ಬಿ. ಅದರಲ್ಲಿ ಜೋಳ, ಶೇಂಗಾ, ಅಗಸಿ, ಖಾರ, ಎಣ್ಣೆ ಎಲ್ಲ ಸೇರಿ 215, ಪ್ಯಾಕಿಂಗ್ 45, ತಲುಪಿಸುವ ಖರ್ಚು ಸರಾಸರಿ 70, ಸಹಾಯಕ್ಕೆ ಬರುವವರ ಕೂಲಿ ಮತ್ತು ಗ್ಯಾಸ್ 60. ಉಳಿಯುವುದು 160 ರೂಪಾಯಿ. ಮಾರಿದ ಬೆಲೆ 550 ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಜಾಹೀರಾತಿನ ಖರ್ಚನ್ನು ಅಳೆಯುವುದು ನಾನು ಅತಿ ಹೆಚ್ಚು ನೋಡುವ ತಪ್ಪು. ಜಾಹೀರಾತಿನ ಹಣ ಬರಬೇಕಾದದ್ದು ಆ 160ರೊಳಗಿನಿಂದ. ಹಾಗಾಗಿ ಒಂದೇ ಸಲ ಕೊಂಡು ಹೋಗುವ ಗ್ರಾಹಕರು 651 ರೂಪಾಯಿಗೆ ಬಂದರೆ ಪ್ರತಿಯೊಬ್ಬರ ಮೇಲೂ 491 ರೂಪಾಯಿ ನಷ್ಟ. ನಿಮ್ಮ ಕೈಯಲ್ಲಿ ಏನೂ ಉಳಿಯದ್ದಕ್ಕೆ ಮುಖ್ಯ ಕಾರಣ ಇದೇ.

ಆದರೆ ರೊಟ್ಟಿ, ಹಿಂಡಿ ಕೊಳ್ಳುವವರು ಮತ್ತೆ ಮತ್ತೆ ಬರುತ್ತಾರೆ ಎಂಬ ವಾದದಲ್ಲಿ ಸತ್ಯವಿದೆ. ಎಷ್ಟು ಸಲ ಎಂಬುದನ್ನು ಮಾತ್ರ ಪುಸ್ತಕದಿಂದ ಎಣಿಸಿಯೇ ಹೇಳಬೇಕು. ಕಳೆದ ಯುಗಾದಿಯ ಸುಮಾರಿಗೆ ನಿಮ್ಮಲ್ಲಿ ಮೊದಲ ಸಲ ಕೊಂಡ 40 ಜನರನ್ನು ನಾನು ಪುಟ ತಿರುವಿ ಹಿಂಬಾಲಿಸಿದೆ. ಮೊದಲ ಎರಡು ತಿಂಗಳಲ್ಲಿ ಅವರೆಲ್ಲರ ಆರ್ಡರುಗಳು ಸೇರಿ 70, ಆರು ತಿಂಗಳ ಹೊತ್ತಿಗೆ 112. ಅಂದರೆ ಎರಡು ತಿಂಗಳ ಎಣಿಕೆಗೆ ಆರು ತಿಂಗಳಲ್ಲಿ 1.6 ಪಟ್ಟು ಆಗುತ್ತದೆ. ಅವರು ಬಾಯಿಮಾತಿನಿಂದ ಬಂದವರು. ಜಾಹೀರಾತಿನಿಂದ ಬಂದವರು ಅಷ್ಟೇ ನಿಷ್ಠೆ ತೋರುತ್ತಾರೆ ಎಂದು ಭಾವಿಸಬಾರದು. ಅದಕ್ಕಾಗಿ ಆ 40 ಜನರ ಆರ್ಡರಿನ ಸಂಖ್ಯೆಯನ್ನು ಎರವಲು ಪಡೆಯದೆ, ಬೆಳೆಯುವ ಪ್ರಮಾಣವನ್ನು ಮಾತ್ರ ತೆಗೆದುಕೊಂಡು ನವೆಂಬರಿನ 21 ಜನರ ಮೇಲೆ ಹಚ್ಚಿ ನೋಡಿದೆ. ಆರು ತಿಂಗಳಾಚೆಗೆ ಎಣಿಸುವುದು ನಿಮ್ಮ ಗಾತ್ರದ ವ್ಯಾಪಾರಕ್ಕೆ ಕ್ಷೇಮವಲ್ಲ. ಮುಂದಿನ ವರ್ಷ ಬರಲಿರುವ ಲಾಭದಿಂದ ಈ ತಿಂಗಳ ಶೇಂಗಾ ಕೊಳ್ಳಲಾಗುವುದಿಲ್ಲ.

ಇಲ್ಲಿಗೆ ಬಂದ ಮೇಲೆ ನಿಮ್ಮ ವರದಿಯಲ್ಲಿ ನೀವು ಗಮನಿಸದ ಒಂದು ಸಂಗತಿ ಎದುರಾಯಿತು. ನೀವು ನಡೆಸಿದ್ದು ಒಂದು ಜಾಹೀರಾತಲ್ಲ, ಎರಡು. ಇಂಗ್ಲಿಷಿನಲ್ಲಿ ಬರೆದದ್ದು ದಿನಕ್ಕೆ 200 ರೂಪಾಯಿಯಂತೆ ಇಡೀ ಮುಂಬಯಿಗೆ ಹೋಯಿತು. ಕನ್ನಡದಲ್ಲಿ ಬರೆದದ್ದು ದಿನಕ್ಕೆ 100 ರೂಪಾಯಿಯಂತೆ ಡೊಂಬಿವಲಿ, ಕಲ್ಯಾಣ, ಠಾಣೆಯ ಸುತ್ತ ಮಾತ್ರ ಓಡಿತು. ಪರದೆಯ ಪ್ರಕಾರ ಇಂಗ್ಲಿಷಿನದು 104 ಸಂದೇಶ ತಂದಿತು, ಒಂದಕ್ಕೆ 58 ರೂಪಾಯಿ. ಕನ್ನಡದ್ದು 38 ತಂದಿತು, ಒಂದಕ್ಕೆ 79 ರೂಪಾಯಿ. ಇದನ್ನು ನೋಡಿದ ಯಾರಾದರೂ ಕನ್ನಡದ್ದನ್ನು ನಿಲ್ಲಿಸಿ ಇಂಗ್ಲಿಷಿನದಕ್ಕೆ ಹಣ ಹಾಕಿ ಎನ್ನುತ್ತಾರೆ. ಪುಸ್ತಕ ಹೇಳುವುದು ತದ್ವಿರುದ್ಧ. ಜಿಎಸ್‌ಟಿ, ರಿಯಾಯಿತಿ, ಪೋಸ್ಟರಿನ ಪಾಲು ಎಲ್ಲ ಸೇರಿಸಿದರೆ ಇಂಗ್ಲಿಷ್ ಜಾಹೀರಾತಿಗೆ 8,480 ರೂಪಾಯಿ ಹೋಗಿ ಒಂಬತ್ತು ಹೊಸ ಗ್ರಾಹಕರು ಬಂದರು, ಒಬ್ಬರಿಗೆ 942. ಕನ್ನಡದ್ದಕ್ಕೆ 5,190 ಹೋಗಿ ಹನ್ನೆರಡು ಜನ ಬಂದರು, ಒಬ್ಬರಿಗೆ 433.

ಮತ್ತೆ ಕೊಳ್ಳುವುದರಲ್ಲಿ ಅಂತರ ಇನ್ನೂ ದೊಡ್ಡದು. ಇಂಗ್ಲಿಷ್ ಜಾಹೀರಾತಿನ ಒಂಬತ್ತು ಜನರಲ್ಲಿ ಒಬ್ಬರು ಮಾತ್ರ ಇನ್ನೊಮ್ಮೆ ತರಿಸಿದರು. ಈವರೆಗೆ ಹತ್ತು ಆರ್ಡರುಗಳು, ಆರು ತಿಂಗಳಿಗೆ ಹದಿನಾರು ಆದಾವು, ಉಳಿಯುವುದು 2,560 ರೂಪಾಯಿ. ಖರ್ಚು ಮಾಡಿದ 8,480ರಲ್ಲಿ ಮೂರನೇ ಒಂದು ಭಾಗವೂ ಹಿಂದಿರುಗುವುದಿಲ್ಲ. ಕನ್ನಡದ ಹನ್ನೆರಡು ಜನ ಈಗಾಗಲೇ ಇಪ್ಪತ್ತು ಆರ್ಡರ್ ಕೊಟ್ಟಿದ್ದಾರೆ. ಆರು ತಿಂಗಳಿಗೆ 32 ಆದರೆ ಉಳಿಯುವುದು 5,120. ಖರ್ಚು 5,190 ಇದ್ದುದರಿಂದ ಅದು ಹೆಚ್ಚುಕಡಿಮೆ ಸರಿದೂಗುತ್ತದೆ, ಆದರೆ ಮಳೆಗಾಲ ಹತ್ತಿರವಾಗುವ ಹೊತ್ತಿಗೆ.

ಅಗ್ಗದ ಸಂದೇಶಗಳು ದುಬಾರಿ ಗ್ರಾಹಕರಾದದ್ದೇಕೆ? ಜಾಹೀರಾತಿನ ವ್ಯವಸ್ಥೆ ನೀವು ಕೇಳಿದ್ದನ್ನೇ ಹುಡುಕುತ್ತದೆ. ಸಂದೇಶ ಬೇಕು ಎಂದರೆ, ಕಂಡದ್ದನ್ನೆಲ್ಲ ಒತ್ತಿ ಬೆಲೆ ಎಷ್ಟು ಎಂದು ಕೇಳುವ ಸ್ವಭಾವದವರನ್ನು ಅದು ಆರಿಸಿ ತರುತ್ತದೆ. ಮುಂಬಯಿಯಂಥ ದೊಡ್ಡ ಊರಿನಲ್ಲಿ ಅಂಥವರು ಹೇರಳ, ಹಾಗಾಗಿ ಸಂದೇಶ ಅಗ್ಗ. ಅವರಲ್ಲಿ ಹೆಚ್ಚಿನವರಿಗೆ ಅಗಸಿ ಹಿಂಡಿ ಏನೆಂದೇ ಗೊತ್ತಿರುವುದಿಲ್ಲ, ಅಥವಾ ಬೊರಿವಲಿಗೆ ತಲುಪಿಸುವ ಖರ್ಚು ಕೇಳಿ ಹಿಂದೆ ಸರಿಯುತ್ತಾರೆ. ಕನ್ನಡದ ಜಾಹೀರಾತಿನಲ್ಲಿ ಅಕ್ಷರಗಳೇ ಜರಡಿಯ ಕೆಲಸ ಮಾಡಿದವು. ಓದಲು ಬರುವವರಿಗೆ ರೊಟ್ಟಿಯ ನೆನಪೂ ಇರುತ್ತದೆ. ಒಂದು ಎಚ್ಚರಿಕೆ ಮಾತ್ರ: ಜಾಹೀರಾತಿನ ಸಿದ್ಧತೆಯಲ್ಲಿ ಭಾಷೆ ಎಂಬಲ್ಲಿ ಕನ್ನಡವನ್ನು ಆರಿಸಬೇಡಿ. ಮುಂಬಯಿಯಲ್ಲಿ ಮನೆಯೊಳಗೆ ಕನ್ನಡವನ್ನೇ ಆಡುವವರೂ ಮೊಬೈಲನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡಿರುತ್ತಾರೆ. ಆ ಆಯ್ಕೆ ನಿಮಗೆ ಬೇಕಾದವರನ್ನೇ ಹೊರಗಿಟ್ಟೀತು. ಬರಹ ಕನ್ನಡದಲ್ಲಿದ್ದರೆ ಸಾಕು.

ಪೋಸ್ಟರಿನ ಹುಡುಗ ಹೇಳಿದ ಕಲಿಕೆಯ ಮಾತು ಪೂರ್ಣ ಸುಳ್ಳಲ್ಲ. ಒಂದು ಜಾಹೀರಾತು ಗುಂಪು ಸ್ಥಿರವಾಗಲು ವಾರಕ್ಕೆ ಸುಮಾರು 50 ಫಲಿತಾಂಶಗಳು ಬೇಕೆಂಬುದು ಆ ವ್ಯವಸ್ಥೆಯದೇ ಅಳತೆ. ನಿಮ್ಮ ಇಂಗ್ಲಿಷ್ ಜಾಹೀರಾತಿಗೆ ವಾರಕ್ಕೆ 24 ಸಂದೇಶ ಬಂದವು. ಹಣ ದ್ವಿಗುಣಗೊಳಿಸಿದರೆ 50ರ ಹತ್ತಿರ ಹೋಗಬಹುದು. ಆದರೆ ಆಗ ಅದು ಕಲಿಯುವುದು ಸಂದೇಶ ಕಳುಹಿಸುವವರನ್ನು ಹುಡುಕುವುದನ್ನೇ ಹೊರತು ರೊಟ್ಟಿ ಕೊಳ್ಳುವವರನ್ನು ಹುಡುಕುವುದನ್ನಲ್ಲ. ಕೊಳ್ಳುವವರನ್ನು ಕಲಿಸಬೇಕಾದರೆ ವಾರಕ್ಕೆ ಅಷ್ಟು ಮಾರಾಟಗಳು ಅದಕ್ಕೆ ಕಾಣಬೇಕು, ಮತ್ತು ದಿನಕ್ಕೆ ನೂರಿನ್ನೂರು ರೂಪಾಯಿಯ ಜಾಹೀರಾತಿನಲ್ಲಿ ಅದು ಆಗುವ ಮಾತಲ್ಲ. ಚಿಂಚವಡದಲ್ಲಿ ಮನೆಯಲ್ಲೇ ಹೊಲಿಗೆ ತರಗತಿ ನಡೆಸುವ ಒಬ್ಬರು ಇದೇ ಮಾತನ್ನು ನಂಬಿ ನಾಲ್ಕು ತಿಂಗಳು ಕಾದರು. ಸಂದೇಶ ಪ್ರತಿ ತಿಂಗಳೂ ಅಗ್ಗವಾಗುತ್ತ ಹೋಯಿತು, ಸೇರಿದ ವಿದ್ಯಾರ್ಥಿಗಳ ಸಂಖ್ಯೆ ಏರಲಿಲ್ಲ. ಅವರ ಪುಸ್ತಕ ನೋಡುವ ಹೊತ್ತಿಗೆ ಹೊಲಿಗೆ ಯಂತ್ರ ಕೊಳ್ಳಲು ಕೂಡಿಟ್ಟ ಹಣ ಮುಗಿದಿತ್ತು. ನನಗೆ ಅದು ಇಂದಿಗೂ ನೋವಿನ ಸಂಗತಿ.

ಆದ್ದರಿಂದ ಇಂಗ್ಲಿಷ್ ಜಾಹೀರಾತನ್ನು ಮತ್ತೆ ಹಾಕಬೇಡಿ. ಕನ್ನಡದ್ದರ ವಿಷಯದಲ್ಲಿ ಮಾತ್ರ ಸ್ವಲ್ಪ ಯೋಚಿಸಬೇಕು.

ಅದರ 433 ರೂಪಾಯಿ ಇಡೀ ತಿಂಗಳ ಸರಾಸರಿ. ಪೋಸ್ಟರಿನ ಖರ್ಚು ಒಮ್ಮೆ ಮುಗಿದದ್ದಾದ್ದರಿಂದ ಅದನ್ನು ಬಿಟ್ಟು, ತಿಂಗಳನ್ನು ಎರಡು ಭಾಗ ಮಾಡಿ ನೋಡಿದೆ. ಮೊದಲ ಹದಿನೈದು ದಿನಗಳಲ್ಲಿ ಎಂಟು ಹೊಸ ಗ್ರಾಹಕರು ಬಂದರು, ಒಬ್ಬರಿಗೆ 290 ರೂಪಾಯಿ ಬಿತ್ತು. ನಂತರದ ಹದಿನೈದು ದಿನಗಳಲ್ಲಿ ನಾಲ್ವರು ಬಂದರು, ಒಬ್ಬರಿಗೆ 530. ಎಂಟು ಮತ್ತು ನಾಲ್ಕು ಚಿಕ್ಕ ಸಂಖ್ಯೆಗಳು, ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದು ಎಂಬುದನ್ನು ಒಪ್ಪುತ್ತೇನೆ. ಆದರೆ ವರದಿಯಲ್ಲಿ `Frequency` ಎಂಬ ಅಂಕಣವಿದೆ. ಒಬ್ಬ ವ್ಯಕ್ತಿಗೆ ಜಾಹೀರಾತು ಸರಾಸರಿ ಎಷ್ಟು ಸಲ ಕಂಡಿತು ಎಂಬುದನ್ನು ಅದು ಹೇಳುತ್ತದೆ. ತಿಂಗಳ ನಡುವಿನಲ್ಲಿ ಎರಡರಷ್ಟಿದ್ದದ್ದು ಕೊನೆಗೆ ಐದನ್ನು ದಾಟಿದೆ. ಸಣ್ಣ ಪ್ರದೇಶದಲ್ಲಿ ಕನ್ನಡ ಓದುವವರು ಲೆಕ್ಕದಷ್ಟೇ ಇರುತ್ತಾರೆ. ಅವರಲ್ಲಿ ಕೊಳ್ಳುವ ಮನಸ್ಸಿದ್ದವರು ಮೊದಲ ಎರಡು ವಾರದಲ್ಲೇ ಕೊಂಡರು. ಆಮೇಲೆ ಅದೇ ಜನರಿಗೆ ಅದೇ ಚಿತ್ರವನ್ನು ಮತ್ತೆ ಮತ್ತೆ ತೋರಿಸಲು ನೀವು ಹಣ ಕೊಟ್ಟಿರಿ. ಎರಡು ಅಂಕಣಗಳೂ ಒಂದೇ ಕಡೆ ಬೆರಳು ಮಾಡಿದಾಗ ನಾನು ಅದನ್ನು ನಂಬುತ್ತೇನೆ. ಜಾಹೀರಾತು ನಿಲ್ಲಿಸುವ ತೀರ್ಮಾನವನ್ನು ಇಡೀ ತಿಂಗಳ ಸರಾಸರಿಯಿಂದಲ್ಲ, ಈಚೆಗೆ ಬಂದವರಿಗೆ ತಗುಲಿದ ವೆಚ್ಚದಿಂದ ಮಾಡಬೇಕು ಎನ್ನುವುದು ಇದಕ್ಕಾಗಿಯೇ. ದಿನದ ಹಣವನ್ನು ಹೆಚ್ಚಿಸಿದರೂ ಇದೇ ಆಗುತ್ತದೆ, ಇನ್ನೂ ಬೇಗ ಆಗುತ್ತದೆ.

ನಿಮ್ಮ ಕನ್ನಡದ ಗ್ರಾಹಕರಿಂದ ಆರು ತಿಂಗಳಲ್ಲಿ ಉಳಿಯುವುದು ತಲೆಗೆ 427 ರೂಪಾಯಿ. ಅಷ್ಟನ್ನೂ ಜಾಹೀರಾತಿಗೇ ಕೊಟ್ಟರೆ ದುಡಿಮೆಗೆ ಏನೂ ಸಿಗದು, ಆರು ತಿಂಗಳ ಅಂದಾಜು ತಪ್ಪಲೂಬಹುದು. ಆದ್ದರಿಂದ ಜಿಎಸ್‌ಟಿ ಸೇರಿ ಒಬ್ಬರಿಗೆ 300 ರೂಪಾಯಿಯನ್ನು ಮಿತಿಯಾಗಿ ಇಟ್ಟುಕೊಳ್ಳಿ ಎನ್ನುತ್ತೇನೆ. ಮುಂದಿನ ಸಲ 50 ರೂಪಾಯಿಯ ರಿಯಾಯಿತಿ ಬೇಡ. ಊರಿನ ರುಚಿಗಾಗಿ ಬರುವವರು ಆ ಐವತ್ತಕ್ಕಾಗಿ ಬಂದವರಲ್ಲ ಎಂಬುದು ನನ್ನ ಅನುಭವ, ಮತ್ತು ತೆಗೆದು ನೋಡಿದರೆ ಅದು ನಿಮಗೂ ಗೊತ್ತಾಗುತ್ತದೆ.

ಇನ್ನು ಯಾವಾಗ ನಿಲ್ಲಿಸುವುದು. ಮಿತಿ 300 ಎಂದ ಮಾತ್ರಕ್ಕೆ 300 ಖರ್ಚಾಗಿಯೂ ಯಾರೂ ಬಾರದಿದ್ದರೆ ನಿಲ್ಲಿಸಬೇಕೆಂದಲ್ಲ. ಗ್ರಾಹಕರು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಜಾಹೀರಾತು ನಿಜವಾಗಿಯೂ ಸರಾಸರಿ 300 ರೂಪಾಯಿಗೆ ಒಬ್ಬರನ್ನು ತರುವಂಥದ್ದಾಗಿದ್ದರೂ, ಮೊದಲ 300 ರೂಪಾಯಿಗೆ ಒಬ್ಬರೂ ಬಾರದಿರುವ ಸಂಭವ ನೂರಕ್ಕೆ 37ರಷ್ಟಿದೆ. 600ಕ್ಕೂ ಯಾರೂ ಬಾರದಿರುವ ಸಂಭವ ನೂರಕ್ಕೆ 13 ಅಥವಾ 14. 900 ರೂಪಾಯಿ ಮುಗಿದೂ ಒಬ್ಬರೂ ಬಾರದಿರುವುದು ನೂರಕ್ಕೆ ಐದೇ ಸಲ. ಆದ್ದರಿಂದ ಮಿತಿಯ ಮೂರು ಪಟ್ಟು ಖರ್ಚಾಗಿ ಒಬ್ಬ ಹೊಸ ಗ್ರಾಹಕರೂ ಇಲ್ಲವೆಂದರೆ, ದುರದೃಷ್ಟ ಎನ್ನುವುದಕ್ಕಿಂತ ಜಾಹೀರಾತು ಕೆಲಸ ಮಾಡುತ್ತಿಲ್ಲ ಎನ್ನುವುದು ಹೆಚ್ಚು ನಂಬಲರ್ಹ. ಅಲ್ಲಿ ನಿಲ್ಲಿಸಿ. ದಿನಕ್ಕೆ 100 ರೂಪಾಯಿ, ಜಿಎಸ್‌ಟಿ ಸೇರಿ 118 ಎಂದರೆ ಅದು ಸುಮಾರು ಎಂಟನೆಯ ದಿನ.

ನಡುವೆ ಒಬ್ಬರು ಬಂದರೆ ಅದೇ ತರ್ಕದಿಂದ ಗೆರೆ 1,425 ರೂಪಾಯಿಗೆ ಸರಿಯುತ್ತದೆ, ಇಬ್ಬರು ಬಂದರೆ 1,890ಕ್ಕೆ. ಆ ಮೊತ್ತ ತಲುಪಿದಾಗಲೂ ಎಣಿಕೆ ಮುಂದೆ ಹೋಗದಿದ್ದರೆ ನಿಲ್ಲಿಸಬೇಕು. ಈ ಮೂರು ಮೊತ್ತಗಳನ್ನು ಜಾಹೀರಾತು ಹಾಕುವ ಮೊದಲೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಹಣ ಹೋಗುತ್ತಿರುವಾಗ ಮನಸ್ಸು ಇನ್ನೆರಡು ದಿನ ನೋಡೋಣ ಎನ್ನುತ್ತದೆ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ: ನಿಮ್ಮ ಪುಸ್ತಕದಲ್ಲಿ ಮೊದಲ ಸಂದೇಶಕ್ಕೂ ಮೊದಲ ಆರ್ಡರಿಗೂ ನಡುವೆ ಹೆಚ್ಚಿನವರಿಗೆ ಐದು ದಿನಗಳವರೆಗೆ ಅಂತರವಿದೆ. ಆದ್ದರಿಂದ ಗೆರೆ ತಲುಪಿದ ದಿನ ಹಣ ನಿಲ್ಲಿಸಿ, ಐದು ದಿನ ಬಿಟ್ಟು ಎಣಿಸಿ. ಬಾಕಿಯಿದ್ದವರು ಕೊಂಡರೆ ಮತ್ತೆ ಆರಂಭಿಸಬಹುದು, ಅದರಿಂದ ಏನೂ ಕೆಡುವುದಿಲ್ಲ. ಈ ವಿಧಾನದಲ್ಲಿ ಅಪಾಯ ಇಲ್ಲವೆಂದಲ್ಲ. ಒಳ್ಳೆಯ ಜಾಹೀರಾತನ್ನೂ ಕೆಲವೊಮ್ಮೆ ಕೈಬಿಟ್ಟಂತಾಗುತ್ತದೆ. 900 ರೂಪಾಯಿಯಲ್ಲಿ ಆ ತಪ್ಪನ್ನು ಸಹಿಸಬಹುದು, 9,000ದಲ್ಲಿ ಎದುರು ಬದಿಯ ತಪ್ಪನ್ನು ಸಹಿಸುವುದು ಕಷ್ಟ.

ಸದ್ಯಕ್ಕೆ ಏನೂ ಹಾಕದೆ ಇರಿ. ಈ ಬಿಡುವಿಗೂ ಒಂದು ಉಪಯೋಗವಿದೆ: ಜಾಹೀರಾತೇ ಇಲ್ಲದ ತಿಂಗಳಲ್ಲಿ ಎಷ್ಟು ಹೊಸಬರು ತಾವಾಗಿ ಬರುತ್ತಾರೆ ಎಂಬ ಎಣಿಕೆ ಸಿಗುತ್ತದೆ, ಮುಂದೆ ಜಾಹೀರಾತಿಗೆ ಸಲ್ಲಬೇಕಾದ ಪಾಲನ್ನು ಅದರಿಂದ ಸರಿಯಾಗಿ ಬಿಡಿಸಬಹುದು. ಅದೇ ಸಮಯದಲ್ಲಿ, ಮತ್ತೆ ಮತ್ತೆ ಕೊಳ್ಳುವ ಗ್ರಾಹಕರಿಗೆ ಒಂದು ಮಾತು ಹೇಳಿ: ಅವರ ಪರಿಚಯದ ಹೊಸ ಮನೆಯವರೊಬ್ಬರು ಆರ್ಡರ್ ಕೊಟ್ಟರೆ ಇಬ್ಬರಿಗೂ ಒಂದೊಂದು ಶೇಂಗಾ ಹಿಂಡಿಯ ಪೊಟ್ಟಣ ಉಚಿತ ಎಂದು. ಪೊಟ್ಟಣಕ್ಕೆ ನಿಮಗೆ ತಗುಲುವುದು 60 ರೂಪಾಯಿ ಎಂದು ಬರೆದಿದ್ದೀರಿ, ಹಾಗಾದರೆ ಒಬ್ಬ ಹೊಸ ಗ್ರಾಹಕರು 120 ರೂಪಾಯಿಗೆ ಬಂದಂತಾಯಿತು. ಆದರೆ ಪರಿಚಯದ ವಲಯ, ಸಂಘದ ವಾಟ್ಸಾಪ್ ಗುಂಪು ಇವುಗಳೊಳಗೇ ಅದು ಸುತ್ತುತ್ತದೆ. ಮುಲುಂಡಿನ ಯಾವುದೋ ಕಟ್ಟಡದಲ್ಲಿ ಸಂಘದ ಸಂಪರ್ಕವೇ ಇಲ್ಲದ ಬಾಗಲಕೋಟೆಯ ಮನೆಯೊಂದನ್ನು ಅದು ತಲುಪದು, ಅದಕ್ಕೆ ಜಾಹೀರಾತೇ ಬೇಕು.

ಯುಗಾದಿಗೆ ಮೂರು ವಾರ ಮೊದಲು ಕನ್ನಡದ ಜಾಹೀರಾತನ್ನು ಹೊಸ ಚಿತ್ರದೊಂದಿಗೆ, ದಿನಕ್ಕೆ 100 ರೂಪಾಯಿಯಂತೆ ಮತ್ತೆ ಆರಂಭಿಸಿ. ಚಿತ್ರವನ್ನು ನೀವೇ ತೆಗೆಯಿರಿ. ಬಟ್ಟಲಿನಲ್ಲಿ ಹಿಂಡಿ, ಪಕ್ಕದಲ್ಲಿ ಮುರಿದ ರೊಟ್ಟಿ ಇದ್ದರೆ ಸಾಕು. ಬೆಲೆಯನ್ನೂ ತಲುಪಿಸುವ ಊರುಗಳನ್ನೂ ಚಿತ್ರದ ಮೇಲೆಯೇ ಬರೆಯಿರಿ. ಸಂದೇಶಗಳು ಕಡಿಮೆಯಾಗುತ್ತವೆ, ಪರದೆಯ ಅಂಕಿ ಏರುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಬರೇ ಬೆಲೆ ಕೇಳಿ ಹೋಗುವವರು ಬರಲಿಲ್ಲ ಎಂದೇ ಅದರ ಅರ್ಥ. ಜಾಹೀರಾತು ಒತ್ತಿದಾಗ ವಾಟ್ಸಾಪ್‌ನಲ್ಲಿ ತಾನಾಗಿ ಮೂಡುವ ಮೊದಲ ಸಾಲನ್ನು ನೀವೇ ಬರೆದಿಡುವ ಅವಕಾಶವಿದೆ. ಅಲ್ಲಿ ಯುಗಾದಿ ಡಬ್ಬಿ ಬೇಕು ಎಂದು ಬರೆದಿಟ್ಟರೆ, ಆ ಸಾಲಿನೊಂದಿಗೆ ಬಂದವರು ಜಾಹೀರಾತಿನಿಂದ ಬಂದವರೆಂದು ನಿಮಗೆ ಕೂಡಲೇ ತಿಳಿಯುತ್ತದೆ. ಆದರೂ ಆರ್ಡರ್ ಬರೆದುಕೊಳ್ಳುವಾಗ, ನಮ್ಮ ರೊಟ್ಟಿಯ ವಿಷಯ ಮೊದಲು ಎಲ್ಲಿ ಕೇಳಿದಿರಿ ಎಂದು ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಹೆಸರಿನ ಮುಂದೆಯೇ ಬರೆಯಿರಿ. ಎರಡನೆಯ ವಾರದಿಂದ `Frequency` ನೋಡುತ್ತಿರಿ. ಅದು ನಾಲ್ಕರ ಹತ್ತಿರ ಬಂದು ಹೊಸ ಗ್ರಾಹಕರು ಇಳಿಮುಖವಾಗಿದ್ದರೆ, ಬರೆದಿಟ್ಟ ಮೊತ್ತ ತಲುಪದಿದ್ದರೂ ಆ ಸುತ್ತನ್ನು ಅಲ್ಲಿಗೆ ಮುಗಿಸಿ. ಯುಗಾದಿ ಕಳೆದು ಎರಡು ತಿಂಗಳಾದ ಮೇಲೆ ಪುಸ್ತಕದ ಅದೇ ಪುಟಗಳನ್ನು ಮತ್ತೊಮ್ಮೆ ಕಳುಹಿಸಿ. ಆ ಹೊತ್ತಿಗೆ ನವೆಂಬರಿನ ಹನ್ನೆರಡು ಜನರ ಆರು ತಿಂಗಳೂ ತುಂಬಿರುತ್ತವೆ, ಮತ್ತು 32 ಆರ್ಡರುಗಳೆಂಬ ನನ್ನ ಅಂದಾಜು ಎಷ್ಟು ಸರಿಯಿತ್ತು ಎಂಬುದನ್ನು ನೋಡಿಕೊಂಡು 300ರ ಮಿತಿಯನ್ನು ಏರಿಸಬೇಕೋ ಇಳಿಸಬೇಕೋ ಹೇಳುತ್ತೇನೆ.